ಮೂಗಿನ ಕೀರ್ತಿ, ತುದಿಯ ಸಾಕ್ಷ್ಯ

ಮರವನ್ನು ಮೂಸಿ ಅದರ ಜಾತಿಯನ್ನು ಹೇಳಿಬಿಡುವ ಆಚಾರಿಯ ಕುರಿತು ನಮ್ಮ ಕಡೆಯ ಬರಹಗಾರರು ಬಹಳ ಕಾಲದಿಂದ ಬರೆಯುತ್ತ ಬಂದಿರುವರು. ಬಂಟ್ವಾಳದಿಂದ ಚಾರ್ಮಾಡಿ ಘಾಟಿಯ ಬುಡದವರೆಗೆ ಯಾವ ಊರಿನ ನೆನಪಿನ ಲೇಖನವನ್ನು ತೆರೆದರೂ ಅಲ್ಲೊಬ್ಬ ವೃದ್ಧನು ಹಲಗೆಯ ಹೊಟ್ಟನ್ನು ಬೆರಳುಗಳ ನಡುವೆ ಉಜ್ಜಿ, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ‘ತೇಗ’ ಎಂದು ತೀರ್ಪು ಕೊಡುವನು, ಲೇಖಕನು ಬೆರಗಾಗುವನು, ಆ ಹಲಗೆಯು ನಿಜಕ್ಕೂ ತೇಗವೇ ಆಗಿತ್ತೋ ಅಲ್ಲವೋ ಎಂಬುದನ್ನು ಆಮೇಲೆ ಯಾರೂ ವಿಚಾರಿಸುವುದಿಲ್ಲ. ಆಚಾರಿಗಳ ಕೈಚಳಕದಲ್ಲಿ ನನಗೆ ಪೂರ್ಣ ಶ್ರದ್ಧೆಯಿದೆ. ನನ್ನ ತಕರಾರು ಈ ಮೂಗಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಮೂಗಿಗೆ ಮಂಗಳಾರತಿ ಎತ್ತುವ ಬರಹದ ಮೇಲೆ.

ಮೊದಲು ಮೂಗಿಗೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡೋಣ. ಗಂಧಗರಿಗೆಯ ಮರವನ್ನು ಹೊಸದಾಗಿ ಕೊಯ್ದಾಗ ಬರುವ ದೇವದಾರುವಿನಂಥ ಪರಿಮಳವನ್ನು ಯಾರೂ ಗುರುತಿಸದಿರಲಾರರು. ಶ್ರೀಗಂಧದ ಮಾತನ್ನಂತೂ ಎತ್ತಲೇಬೇಕಾಗಿಲ್ಲ. ತೇಗದ ಚೇಗಿಗೂ ಹಳೆಯ ಚರ್ಮದಂಥ ಒಂದು ವಾಸನೆಯುಂಟು, ಮುಟ್ಟಿದರೆ ಜಿಡ್ಡಿನ ಅನುಭವವೂ ಉಂಟು. ಆದರೆ ಇವೆಲ್ಲ ಹೊಸ ಕೊಯ್ತದ ಗುಣಗಳು. ಕೆಲವು ವರ್ಷ ಅಟ್ಟದ ಮೇಲೆ ಬಿದ್ದಿದ್ದ ಹಲಗೆಯ ಮೇಲ್ಮೈಯಲ್ಲಿ ಹೊಗೆ, ಧೂಳು, ಇಲಿಯ ವಾಸನೆ ಇರುವುದೇ ಹೊರತು ಮರದ ವಾಸನೆ ಉಳಿದಿರುವುದಿಲ್ಲ. ಕೀಸುಳಿಯಿಂದ ಒಂದು ಪದರ ತೆಗೆದ ಮೇಲೆಯೇ ಅದು ಮರಳಿ ಬರುವುದು. ಮರದ ಮಿಲ್ಲಿನಲ್ಲಿಯಾದರೋ ಹತ್ತು ಜಾತಿಗಳ ಹೊಟ್ಟು ಒಂದೇ ರಾಶಿಯಲ್ಲಿ ಬಿದ್ದಿರುವುದರಿಂದ ಅಲ್ಲಿ ಅರ್ಧ ಗಂಟೆ ನಿಂತ ಮೂಗು ಸಾಕ್ಷಿ ಹೇಳಲು ಅರ್ಹತೆಯನ್ನೇ ಕಳೆದುಕೊಂಡಿರುವುದು. ಇನ್ನೂ ದೊಡ್ಡ ದೋಷವೆಂದರೆ, ನಂದಿ, ಮತ್ತಿ, ಒಣಗಿದ ರಬ್ಬರ್ ಮೊದಲಾದ ನಮ್ಮ ಸಾಮಾನ್ಯ ಮರಗಳಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ವಾಸನೆ ಇದ್ದರೆ ‘ಇದು ಇಂಥದ್ದು’ ಎನ್ನಬಹುದು. ಇಲ್ಲದಿದ್ದರೆ ಏನೂ ಹೇಳಲಾಗದು. ಅರ್ಧ ವರ್ಣಮಾಲೆಯನ್ನು ಮಾತ್ರ ಕಲಿತವನನ್ನು ಪಂಡಿತನೆಂದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ.

ತೂಕದ ಪಕ್ಷದವರು ಇದಕ್ಕಿಂತ ಗಂಭೀರರು, ಏಕೆಂದರೆ ತಕ್ಕಡಿಯು ಸುಳ್ಳು ಹೇಳುವುದಿಲ್ಲ. ಆದರೆ ಅದು ಎಷ್ಟನ್ನು ಹೇಳುವುದೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಒಂದು ಸಣ್ಣ ಕಪಾಟಿಗೆಂದು ಉಜಿರೆಯ ಅಂಗಡಿಯಿಂದ ತಂದ, 30 ಸೆಂಟಿಮೀಟರ್ ಉದ್ದ, 10 ಅಗಲ, ಎರಡೂವರೆ ದಪ್ಪದ ನಾಲ್ಕು ತುಂಡುಗಳನ್ನು ಕಲ್ಪಿಸಿಕೊಳ್ಳಿ: ತೇಗ, ನಂದಿ, ಹಲಸು, ಅಕೇಶಿಯಾ. ನಾಲ್ಕಕ್ಕೂ ಬಣ್ಣದ ಪಾಲಿಶ್ ಬಳಿದಿದೆ, ನಾಲ್ಕನ್ನೂ ತೇಗವೆಂದೇ ಮಾರಲಾಗಿದೆ. ಒಂದೊಂದರ ಗಾತ್ರ 750 ಘನ ಸೆಂಟಿಮೀಟರ್. ಒಣಗಿದ ತೇಗವು ಘನ ಸೆಂಟಿಮೀಟರಿಗೆ ಸುಮಾರು 0.65 ಗ್ರಾಂ ತೂಗುವುದರಿಂದ ಅದರ ತುಂಡು 490 ಗ್ರಾಂ ಆಸುಪಾಸಿನಲ್ಲಿರುವುದು. ಉಳಿದ ಮೂರೂ ಅದರ ಹತ್ತಿರವೇ ಸುಳಿಯುವುವು, ಹಲಸು ತುಸು ಕಡಿಮೆ. ಇದರ ಮೇಲೆ ನಮ್ಮ ಮಳೆಗಾಲವಿದೆ: ಬೇಸಗೆಯಲ್ಲಿ ಒಣಗಿದ್ದ ಹಲಗೆ ಆಷಾಢ ಶ್ರಾವಣಗಳಲ್ಲಿ ಗಾಳಿಯ ತೇವವನ್ನು ಕುಡಿದು ನೂರಕ್ಕೆ ಐದಾರು ಪಾಲು ಭಾರ ಹೆಚ್ಚಿಸಿಕೊಳ್ಳುವುದು, ಅಂದರೆ ತುಂಡೊಂದಕ್ಕೆ ಇಪ್ಪತ್ತೈದು ಮೂವತ್ತು ಗ್ರಾಂ, ತೇಗಕ್ಕೂ ಹಲಸಿಗೂ ಇರುವ ಅಂತರವನ್ನು ನುಂಗಿಹಾಕಲು ಅಷ್ಟು ಸಾಕು. ಅದೇ ಅಳತೆಯ ಮತ್ತಿಯಾದರೆ 640 ಗ್ರಾಮಿನಷ್ಟು ತೂಗಿ ತಾನೇ ತನ್ನ ಹೆಸರನ್ನು ಹೇಳುವುದು. ಆದುದರಿಂದ ತೂಕವು ಗುಂಪನ್ನು ಬೇರ್ಪಡಿಸುವುದು, ವ್ಯಕ್ತಿಯನ್ನಲ್ಲ. ಮಾರಾಟದಲ್ಲಿ ಒಂದರ ಬದಲು ಒಂದು ಬರುವುದು ಈ ಗುಂಪಿನೊಳಗೇ ಆದ್ದರಿಂದ ಬೇಕಾದಲ್ಲಿಯೇ ಅದು ಕೈಕೊಡುವುದು.

ಹೀಗಿರಲಾಗಿ ಯಾವುದನ್ನು ನೋಡತಕ್ಕದ್ದು? ಹಲಗೆಯ ಮುಖವನ್ನಲ್ಲ, ತುದಿಯನ್ನು. ನಮ್ಮ ಜನ ಮುಖದ ಎಳೆಯನ್ನು, ಅದರ ಕಮಾನುಗಳನ್ನು, ಗೆರೆಗಳನ್ನು ನೋಡಿ ಮೋಹಗೊಳ್ಳುವರು. ಈ ಚಿತ್ರವು ಮರದ ಜಾತಿಯಿಂದ ಹುಟ್ಟುವಷ್ಟೇ ಗರಗಸ ಹೋದ ದಿಕ್ಕಿನಿಂದಲೂ ಹುಟ್ಟುವುದು. ಒಂದೇ ದಿಮ್ಮಿಯ ನಡುವಿನ ಹಲಗೆಯಲ್ಲಿ ನೇರ ಗೆರೆಗಳು, ಬದಿಯ ಹಲಗೆಯಲ್ಲಿ ಕಮಾನುಗಳು. ತುದಿಯಲ್ಲಾದರೋ ಮರವು ಬೆಳೆದ ವಿಧಾನವೇ ಅಡ್ಡವಾಗಿ ಬಿಡಿಸಿಟ್ಟಂತಿರುವುದು. ಆದರೆ ಗರಗಸದ ಕೊಯ್ತವನ್ನು ಹಾಗೆಯೇ ನೋಡಿದವನಿಗೆ ಏನೂ ಕಾಣದು, ಏಕೆಂದರೆ ಹಲ್ಲುಗಳು ನಾರನ್ನು ಹರಿದು ರಂಧ್ರಗಳ ಮೇಲೆ ಬಳಿದುಬಿಟ್ಟಿರುವುವು. ಹರಿತವಾದ ಉಳಿಯಿಂದ ಅಥವಾ ಹೊಸ ಬ್ಲೇಡಿನಿಂದ, ಚೇಗಿನ ಭಾಗದಲ್ಲಿ, ಉಗುರಿನಗಲದ ಒಂದು ತಾಣವನ್ನು ನೀರಿನಿಂದ ತುಸು ನೆನೆಸಿ, ಬ್ಲೇಡನ್ನು ನೇರವಾಗಿ ಒತ್ತದೆ ಓರೆಯಾಗಿ ಎಳೆದು, ಒಂದೇ ತೆಳು ಸಿಪ್ಪೆಯನ್ನು ತೆಗೆಯಬೇಕು. ಕೊಯ್ದ ಜಾಗ ಹೊಳೆದರೆ ಕೊಯ್ತ ಸರಿಯಾಯಿತು. ಮಂಕಾಗಿ ಹಿಟ್ಟುಹಿಟ್ಟಾಗಿ ಕಂಡರೆ ಉಳಿ ಮೊಂಡಾಗಿದೆ, ನಾರು ಜಜ್ಜಿದೆ ಎಂದರ್ಥ. ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯನ್ನು ಕಣ್ಣಿಗೆ ತಾಗಿಸಿ ಹಿಡಿದು, ಬೆಳಕು ಬದಿಯಿಂದ ಬೀಳುವಂತೆ ಹಲಗೆಯನ್ನೇ ಕಣ್ಣಿನ ಬಳಿಗೆ ತರಬೇಕು.

ನಮ್ಮ ನಾಲ್ಕು ತುಂಡುಗಳ ಗುಟ್ಟು ಈಗ ಒಡೆಯುವುದು. ಮೊದಲನೆಯದರಲ್ಲಿ ಪ್ರತಿ ವಾರ್ಷಿಕ ವಲಯದ ಆರಂಭದಲ್ಲಿ ದೊಡ್ಡ ರಂಧ್ರಗಳು ಒಂದು ತಿಳಿಬಣ್ಣದ ಪಟ್ಟಿಯೊಳಗೆ ಸಾಲಾಗಿ ನಿಂತಿವೆ, ಬರಿಗಣ್ಣಿಗೂ ಕಾಣುವಷ್ಟು. ಅಲ್ಲಿಂದ ಹೊರಗೆ ಹೋದಂತೆ ರಂಧ್ರಗಳು ಕಿರಿದಾಗಿ ಚದುರಿವೆ. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಕಿರಣರೇಖೆಗಳು ಸ್ಪಷ್ಟವಾಗಿವೆ. ಇದು ತೇಗ. ಎರಡನೆಯದರಲ್ಲಿಯೂ ದೊಡ್ಡ ರಂಧ್ರಗಳ ಸಾಲು ಇರುವುದರಿಂದ ಅವಸರದವನು ಇದನ್ನೂ ತೇಗವೆನ್ನುವನು. ಆದರೆ ಕನ್ನಡಿಯನ್ನು ಸ್ವಲ್ಪ ಸರಿಸಿ ಸಾಲಿನಾಚೆಗೆ ನೋಡಿದರೆ ಸಣ್ಣ ರಂಧ್ರಗಳನ್ನು ಒಂದಕ್ಕೊಂದು ಕಟ್ಟಿಹಾಕಿದಂತೆ ಅಲೆಅಲೆಯಾದ ತಿಳಿ ಪಟ್ಟಿಗಳು ಅಡ್ಡ ಹರಿದಿವೆ, ಕಿರಣರೇಖೆಗಳೋ ಕನ್ನಡಿಯಲ್ಲಿಯೂ ಕೂದಲಿಗಿಂತ ಸೂಕ್ಷ್ಮ. ಇದು ನಂದಿ, ವ್ಯಾಪಾರದ ಇಂಗ್ಲಿಷಿನಲ್ಲಿ ‘ಬೆನ್‌ಟೀಕ್’ ಎಂಬ ಬಿರುದನ್ನು ಧರಿಸಿ ತೇಗದ ದಾಯಾದಿಯಂತೆ ನಟಿಸುವ ಮರ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ನಂಟಿಲ್ಲ. ಮೂರನೆಯದರಲ್ಲಿ ಸಾಲೇ ಇಲ್ಲ: ದೊಡ್ಡ ರಂಧ್ರಗಳು ವಿರಳವಾಗಿ, ಎಲ್ಲೆಡೆ ಒಂದೇ ಸಮನಾಗಿ ಹರಡಿ, ಪ್ರತಿಯೊಂದರ ಸುತ್ತಲೂ ರೆಪ್ಪೆಯಂತೆ ತಿಳಿಬಣ್ಣದ ಅಂಚು ಕಟ್ಟಿದೆ. ಇದು ಹಲಸು, ಪಾಲಿಶ್ ಕೆರೆದರೆ ಒಳಗಿನ ಹಳದಿಯೂ ಸಾಕ್ಷಿ ಹೇಳುವುದು. ನಾಲ್ಕನೆಯದರಲ್ಲಿಯೂ ರಂಧ್ರಗಳು ಚದುರಿರುವುವಾದರೂ ಹಲಸಿಗಿಂತ ಕಿರಿದಾಗಿ, ಹೆಚ್ಚು ಸಂಖ್ಯೆಯಲ್ಲಿವೆ, ವಲಯಗಳು ಮಸುಕು. ಅರಣ್ಯ ಇಲಾಖೆಯ ನೆಡುತೋಪುಗಳಿಂದ ನಮ್ಮ ಮಿಲ್ಲುಗಳಿಗೆ ಬರುವ ಅಕೇಶಿಯಾ ಇದು.

ಈ ಪದ್ಧತಿಗೂ ಮಿತಿಯಿಲ್ಲವೆಂದು ನಾನು ಹೇಳುತ್ತಿಲ್ಲ. ತೋಟದ ಅಂಚಿನಲ್ಲಿ ನೀರು ಗೊಬ್ಬರ ಕುಡಿದು ಬೇಗ ಬೆಳೆದ ತೇಗದಲ್ಲಿ ವಲಯಗಳು ಎಷ್ಟು ಅಗಲವೆಂದರೆ, ಒಂದಂಗುಲ ದಪ್ಪದ ರೀಪಿನಲ್ಲಿ ರಂಧ್ರಗಳ ಸಾಲು ಒಂದೇ ಇರಬಹುದು, ಇಲ್ಲದೆಯೂ ಹೋಗಬಹುದು. ತಿರುಳಿನ ಹತ್ತಿರದ ಎಳೆಯ ಮರದಲ್ಲಿ ಸಾಲು ಅಷ್ಟು ಸ್ಫುಟವಾಗಿರುವುದೂ ಇಲ್ಲ. ಹಲಸು ಹೆಬ್ಬಲಸುಗಳಂಥ ಹತ್ತಿರದ ಬಂಧುಗಳನ್ನು ಭೂತಗನ್ನಡಿಯಿಂದ ಬೇರ್ಪಡಿಸುವೆನೆಂದು ಹೊರಡುವುದು ಸಾಹಸ. ಅಂಥ ಕಡೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯ ಸೂಕ್ಷ್ಮದರ್ಶಕಕ್ಕೆ ಶರಣು ಹೋಗುವುದು ಲೇಸು. ಒಂದು ಸ್ಟೂಲಿಗಾಗಿ ಯಾರೂ ಅಷ್ಟು ದೂರ ಹೋಗಬೇಕಾಗಿಲ್ಲ, ಅದು ಬೇರೆ ಮಾತು.

ಇನ್ನು ಮೊಳೆ ಮತ್ತು ಸ್ಕ್ರೂಗಳ ಪರೀಕ್ಷೆ. ಇದನ್ನು ಗುರುತಿನ ಲಕ್ಷಣವೆಂದು ಎಣಿಸುವವರೊಡನೆ ನನಗೆ ಅರ್ಧ ಒಪ್ಪಿಗೆ. ಮೊಳೆಯು ಮರದ ಹೆಸರನ್ನು ಹೇಳುವುದಿಲ್ಲ, ಅದರ ನಡತೆಯನ್ನು ಹೇಳುವುದು; ಸಣ್ಣ ಮರಗೆಲಸದವನಿಗೆ ಎಷ್ಟೋ ಸಲ ಬೇಕಾದುದು ನಡತೆಯೇ. ಮಾವಿನ ಹಲಗೆ ಮೊಳೆಯನ್ನು ತಕರಾರಿಲ್ಲದೆ ಸ್ವೀಕರಿಸುವುದು. ತೇಗವು ಸ್ಕ್ರೂವನ್ನು ಬಿಗಿಯಾಗಿ ಹಿಡಿಯುವುದಾದರೂ ಅಂಚಿನ ಸಮೀಪ ತೂತಿಲ್ಲದೆ ಮೊಳೆ ಹೊಡೆದರೆ ಎಳೆಯುದ್ದಕ್ಕೂ ಸೀಳುವುದು. ಮತ್ತಿಯಲ್ಲಿ ತೂತು ಕೊರೆಯದೆ ಹೊಡೆದ ಮೊಳೆ ಬಾಗುವುದು. ಹಿತ್ತಾಳೆಯ ಸ್ಕ್ರೂವನ್ನು ನೇರವಾಗಿ ತಿರುಗಿಸಿದರೆ ತಲೆ ಮುರಿದು ಒಡಲು ಒಳಗೇ ಉಳಿಯುವುದು. ಎಂಟನೆಯ ನಂಬರಿನ ಸ್ಕ್ರೂವಿಗೆ ಮೂರು ಮಿಲಿಮೀಟರ್ ತೂತು ಕೊರೆದು, ಸೋಪು ಸವರಿದ ಕಬ್ಬಿಣದ ಸ್ಕ್ರೂವನ್ನು ಒಮ್ಮೆ ಓಡಿಸಿ ತೆಗೆದು, ಅದೇ ದಾರಿಯಲ್ಲಿ ಹಿತ್ತಾಳೆಯದನ್ನು ಕೂರಿಸುವುದು ಕ್ರಮ. ಮತ್ತಿಯಲ್ಲಿ ಟ್ಯಾನಿನ್ ಇರುವುದರಿಂದ ಮಳೆಗಾಲದ ತೇವದಲ್ಲಿ ಕಬ್ಬಿಣದ ಮೊಳೆಯ ಸುತ್ತ ಶಾಯಿಯಂತೆ ನೀಲಿಗಪ್ಪು ಕಲೆ ಹರಡುವುದು; ತೇಗವೆಂದು ಕೊಂಡ ಕಪ್ಪಗಿನ ಹಲಗೆಯಲ್ಲಿ ಇಂಥ ಕಲೆ ಕಂಡವನು ಮಾರಿದವನನ್ನು ಧಾರಾಳವಾಗಿ ಸಂಶಯಿಸಬಹುದು.

ಇಲ್ಲಿ ಪುಸ್ತಕದ ಪಕ್ಷದವರೊಡನೆಯೂ ನನ್ನದೊಂದು ಜಗಳವಿದೆ. ಭಾರತದ ಮರಗಳನ್ನು ಕುರಿತ ಗ್ಯಾಂಬಲನ ಕೈಪಿಡಿ 1881ರಲ್ಲಿ ಬಂತು. ಪಿಯರ್ಸನ್ ಮತ್ತು ಬ್ರೌನರ ಎರಡು ಸಂಪುಟಗಳು 1932ರಲ್ಲಿ ಬಂದವು. ಅಡ್ಡಕೊಯ್ತದ ಲಕ್ಷಣಗಳು ಅವುಗಳಲ್ಲಿ ವಿಶದವಾಗಿವೆ. ಆದರೆ ಇವುಗಳನ್ನು ಉದ್ಧರಿಸುವ ನಮ್ಮ ವಿದ್ವಾಂಸರು ಕಣ್ಣಿಟ್ಟಿರುವುದು ಡೆಹರಾಡೂನಿನ ಅರಣ್ಯ ಸಂಶೋಧನಾಲಯದ ಇನ್ನೊಂದು ಕೋಷ್ಟಕದ ಮೇಲೆ: ತೇಗವನ್ನು 100 ಎಂದಿಟ್ಟುಕೊಂಡು ಉಳಿದ ಮರಗಳ ಬಲ, ಗಡಸುತನ, ಆಕಾರ ಉಳಿಸಿಕೊಳ್ಳುವ ಗುಣಗಳಿಗೆ ಅಂಕ ಕೊಟ್ಟ ಕೋಷ್ಟಕ. ಅಳತೆಗೋಲಾಗಿ ಒಂದು ಮರ ಬೇಕಿತ್ತು, ತೇಗವನ್ನು ಆರಿಸಿದರು. ನಮ್ಮವರು ಅದನ್ನು ಪರೀಕ್ಷೆಯ ಪೂರ್ಣಾಂಕವೆಂದು ತಿಳಿದರು. ಅದರ ಫಲವಾಗಿ ಕಪಾಟಿನ ಅಡ್ಡಹಲಗೆಗೂ ದೇವರ ಮಣೆಗೂ ತೇಗವೇ ಆಗಬೇಕೆಂಬ ಹಠ ಹುಟ್ಟಿತು. ಆ ಹಠದಿಂದ, ತೇಗವಲ್ಲದ್ದನ್ನು ತೇಗವೆಂದು ಮಾರುವ ವ್ಯಾಪಾರ. ಮೂಡುಬಿದಿರೆಯ ಚೌಟರ ಅರಮನೆಯ ನವನಾರೀಕುಂಜರದ ಕಂಬದ ಮುಂದೆ ನಿಂತು, ಅದರ ತುದಿಯನ್ನಾಗಲಿ ಚೂರನ್ನಾಗಲಿ ನೋಡದೆ, ಮರದ ಜಾತಿಯನ್ನು ಘೋಷಿಸುವ ಪ್ರವಾಸ ಲೇಖಕರೂ ಈ ಶಾಲೆಯವರೇ.

ನನ್ನ ಅಭಿಪ್ರಾಯದಲ್ಲಿ ಮನೆಯೊಳಗಿನ ಸಣ್ಣ ಕೆಲಸಕ್ಕೆ ಒಣಗಿದ ಹಲಸಿನ ಹಲಗೆ ಸಾಕಾದೀತು, ನಂದಿಯೂ ಆದೀತು. ಹಲಸೆಂದೇ, ನಂದಿಯೆಂದೇ ಹೇಳಿ, ಅದರ ಬೆಲೆಗೆ ಕೊಟ್ಟರೆ. ಉಜಿರೆಯಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ ತೇಗದ ಬೆಲೆ ತೆರುವವರು ಹಣ ಎಣಿಸುವ ಮೊದಲು ಹಲಗೆಯ ತುದಿಯಲ್ಲಿ ಉಗುರಿನಗಲ ಕೊಯ್ದು ನೋಡಲು ಅನುಮತಿ ಕೇಳಿ. ಒಪ್ಪದ ಅಂಗಡಿಯಲ್ಲಿ ಹಲಗೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.