ಅಜ್ಜಿಯ ಆಶೀರ್ವಾದ ಪತ್ರವೂ ಫ್ರೆಂಚ್ ಭಾಷೆಯ ಬಿಸುಪೂ

ಪರದೇಶದಲ್ಲಿ ವ್ಯಾಸಂಗ ಮಾಡುತ್ತಿರುವ ಮೊಮ್ಮಗಳಿಗೆ ಅಜ್ಜಿ ಬರೆದ ಪತ್ರವನ್ನು ಫ್ರೆಂಚ್ ಭಾಷೆಗೆ ಪರಿವರ್ತಿಸುವವನಿಗೆ, "ಭಾಷೆ ಬೆಚ್ಚಗಿರಲಿ" ಎಂಬ ಸಲಹೆ ತಪ್ಪದೆ ದೊರೆಯುತ್ತದೆ. ಸಲಹೆ ನಿರಪಾಯವಾಗಿ ತೋರುವುದಾದರೂ ತೊಡಕು ಹುಟ್ಟುವುದು ಅಲ್ಲಿಯೇ.

ಜಗಳೂರು ಸೀಮೆಯ ಬಿಳಿಚೋಡಿನಂತಹ ಊರಿನ ಮುದುಕಿಯೊಬ್ಬಳು ಬರೆಯಬಹುದಾದ ಪತ್ರದ ನಾಲ್ಕು ಮಾತುಗಳನ್ನು ಉದಾಹರಣೆಗೆಂದು ತೆಗೆದುಕೊಳ್ಳಬಹುದು: "ನಮ್ಮವ್ವಾ, ಹೊತ್ತಿಗೆ ಸರಿಯಾಗಿ ಉಣ್ಣು. ಯಾರ ಕಣ್ಣೂ ತಾಕದಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ. ನೂರು ವರುಷ ಬಾಳು." ಮೊಮ್ಮಗಳು ಕನ್ನಡ ಬಲ್ಲವಳೇ. ಆದರೆ ಅವಳು ಇಳಿದುಕೊಂಡಿರುವ ಮನೆಯ ಯಜಮಾನಿತಿ, "ನಿನ್ನ ಅಜ್ಜಿ ಏನು ಬರೆದಿದ್ದಾಳೆ?" ಎಂದು ಕೇಳಿದಾಗ ಭಾಷಾಂತರ ಬೇಕಾಗುತ್ತದೆ. ಹೀಗೆ ಅದನ್ನು ಓದುವವರು ಇಬ್ಬರು: ಕನ್ನಡವನ್ನು ಒಮ್ಮೆಯೂ ಕೇಳದ ಒಬ್ಬಳು, ಪ್ರತಿ ವಾಕ್ಯದ ಹಿಂದೆಯೂ ಅಜ್ಜಿಯ ದನಿಯನ್ನು ಕೇಳುವ ಇನ್ನೊಬ್ಬಳು.

ಕಡೆಯ ವಾಕ್ಯ ಸುಲಭ. ಕನ್ನಡದ "ಬಾಳು" ವಿಧಿರೂಪದ್ದು. ಹರಸುವವಳು ಆಯುಷ್ಯವನ್ನು ಆಜ್ಞಾಪಿಸುತ್ತಾಳೆ. ಫ್ರೆಂಚಿನಲ್ಲಿ "ಕ" ಎಂಬ ಪದವನ್ನು ಮುಂದಿಟ್ಟು ಹಾರೈಕೆಯ ಕ್ರಿಯಾರೂಪವನ್ನು ಬಳಸಿದರೆ "ನೀನು ನೂರು ವರ್ಷ ಬಾಳುವಂತಾಗಲಿ" ಎಂಬರ್ಥ ಬರುತ್ತದೆ. ಆಜ್ಞೆಯ ಬಿಗಿ ತುಸು ಸಡಿಲವಾದರೂ ಗಾಂಭೀರ್ಯ ಕೆಡುವುದಿಲ್ಲ. ಕಣ್ಣು ತಾಕುವ ಮಾತಿಗೂ ಕಷ್ಟವಿಲ್ಲ. ಕೆಟ್ಟ ಕಣ್ಣಿನ ಅಂಜಿಕೆ ಫ್ರಾನ್ಸಿನ ಹಳ್ಳಿಗಳಿಗೂ ತಿಳಿದದ್ದೇ.

"ನಮ್ಮವ್ವಾ" ಎಂಬಲ್ಲಿ ಲೇಖನಿ ನಿಲ್ಲುತ್ತದೆ. ಮೊಮ್ಮಗಳನ್ನು ಅವ್ವ, ತಾಯಿ ಎಂದು ಕರೆಯುವುದು ನಮ್ಮ ಮನೆಗಳ ವಾಡಿಕೆ. ಅದನ್ನು ಅಕ್ಷರಶಃ "ಮಾ ಮೇರ್" ಎಂದರೆ ಆ ಯಜಮಾನಿತಿ ತಬ್ಬಿಬ್ಬಾಗುವಳು. ಮಠದ ಸನ್ಯಾಸಿನಿಯನ್ನು ಸಂಬೋಧಿಸುವ ಮಾತೂ ಅದೇ. ಬೆಚ್ಚನೆಯ ಭಾಷೆಯನ್ನು ಬಯಸುವವರು ಇಲ್ಲಿ "ಮಾ ಪ್ಯುಸ್" ಎಂದು ಹಾಕಿಯಾರು. ಮಕ್ಕಳನ್ನು ಮುದ್ದಿಸುವ ಆ ಮಾತಿನ ಶಬ್ದಾರ್ಥ "ನನ್ನ ಚಿಗಟವೇ" ಎಂದು! ಫ್ರೆಂಚರಿಗೆ ಅದು ಸಹಜವೇ ಇರಬಹುದು. ಆದರೆ ಮೊಮ್ಮಗಳಲ್ಲಿ ತಾಯಿಯನ್ನು ಕಾಣುವ ಮುದುಕಿಯ ಬಾಯಿಂದ ಚಿಗಟವನ್ನು ಹೊರಡಿಸುವುದು ಅನ್ಯಾಯ. "ನನ್ನ ಪುಟ್ಟ ಮಗಳೇ" ಎಂಬರ್ಥದ ಸಾದಾ ಸಂಬೋಧನೆಯೇ ಮೇಲು. ಗೌರವ ಅಲ್ಲಿ ನಷ್ಟವಾಗುತ್ತದೆ, ನಿಜ. ನಗೆಪಾಟಲು ಮಾತ್ರ ಆಗುವುದಿಲ್ಲ.

ನಿಜವಾದ ಪರೀಕ್ಷೆ ಮೂರನೆಯ ವಾಕ್ಯದಲ್ಲಿದೆ. ಮಳೆಯನ್ನು ನಂಬಲಾಗದ ಜಗಳೂರಿನ ನೆಲದಲ್ಲಿ ತಂಪೇ ಸುಖ, ಉರಿಯೇ ದುಃಖ. ಅಸೂಯೆ ಹೊಟ್ಟೆಯ ಉರಿ, ಮಕ್ಕಳನ್ನು ಕಳೆದುಕೊಂಡ ತಾಯಿಯ ಸಂಕಟವೂ ಹೊಟ್ಟೆಯ ಉರಿ. ಆದ್ದರಿಂದ "ಹೊಟ್ಟೆ ತಣ್ಣಗಿರಲಿ" ಎಂಬ ಹರಕೆಯಲ್ಲಿ ಹಸಿವು, ಶೋಕ, ಮತ್ಸರ ಈ ಮೂರನ್ನೂ ದೂರವಿಡುವ ಬಯಕೆ ಅಡಗಿದೆ. ಫ್ರೆಂಚಿನ ವ್ಯವಹಾರ ಇದಕ್ಕೆ ತೀರ ವಿರುದ್ಧ. ಅಲ್ಲಿ ಪ್ರೀತಿಯುಳ್ಳವನು ಬಿಸುಪಿನವನು. "ಫ್ರ್ವಾ", ಎಂದರೆ ತಣ್ಣಗಿರುವವನು, ಮಮತೆಯಿಲ್ಲದವನು. ಶಬ್ದಕ್ಕೆ ಶಬ್ದವಿಟ್ಟರೆ ಅಜ್ಜಿಯ ಹರಕೆ ಕಾಯಿಲೆಯ ಲಕ್ಷಣದಂತೆ ಕೇಳಿಸುತ್ತದೆ. "ನಿನ್ನ ಹೃದಯ ಬೆಚ್ಚಗಿರಲಿ" ಎಂದು ತಿರುಗಿಸಿದರೆ ಯಜಮಾನಿತಿಗೆ ಮೆಚ್ಚಿಕೆಯಾದೀತು. ಆದರೆ ಮೊಮ್ಮಗಳಿಗೆ ಅದು ಯಾವ ಅಜ್ಜಿಯ ಪತ್ರವೂ ಅಲ್ಲ. ಅನುವಾದ ಚೆನ್ನಾಗಿದೆಯೆಂದು ಎಲ್ಲರೂ ಹೊಗಳುವ ಆ ಸ್ಥಳದಲ್ಲಿಯೇ ಬಿಳಿಚೋಡು ಅಳಿಸಿಹೋಗಿರುತ್ತದೆ.

ಇದಕ್ಕೊಂದು ನಡುದಾರಿಯುಂಟು. ಫ್ರೆಂಚಿನಲ್ಲಿ ಚಳಿಯ ತಣ್ಪಿಗೆ ಒಂದು ಶಬ್ದ, ಹಿತವಾದ ತಂಪಿಗೆ "ಫ್ರೇ" ಎಂಬ ಬೇರೊಂದು ಶಬ್ದ. ಈ ಎರಡನೆಯದನ್ನು ನೀರಿಗೆ ಕೂಡಿಸಿ, "ಕ ಲೋ ಫ್ರೇಷ್ ನ ತ ಮಾಂಕ್ ಜಾಮೇ", ಎಂದರೆ "ತಣ್ಣೀರು ನಿನಗೆ ಎಂದಿಗೂ ಕೊರತೆಯಾಗದಿರಲಿ" ಎನ್ನಬಹುದು. ಹೊಟ್ಟೆ ಬಿಟ್ಟುಹೋಯಿತು, ತಂಪು ಉಳಿಯಿತು, ಬರದ ನಾಡಿನ ನೆನಪೂ ಉಳಿಯಿತು. ಒಲವು ತಣ್ಣೀರುಗಳಿಂದಲೇ ಬದುಕುವುದೆಂದು ಕಾಸಿಲ್ಲದ ಪ್ರೇಮಿಗಳನ್ನು ಹಾಸ್ಯಮಾಡುವ ನುಡಿಗಟ್ಟು ಆ ಭಾಷೆಯಲ್ಲಿರುವುದರಿಂದ, ಒಲವಿನ ಮಾತನ್ನು ಅದೇ ವಾಕ್ಯದಲ್ಲಿ ಸೇರಿಸದಿದ್ದರೆ ಒಳ್ಳೆಯದು. ಓದಲು ಹೋದ ಹುಡುಗಿಯ ವಿಷಯವಲ್ಲವೆ!

ನಮ್ಮ ಪತ್ರಗಳ ರೀತಿ ಫ್ರೆಂಚರಿಗೆ ತೀರ ಹೊಸದಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿ 1823ರಲ್ಲಿ ಸ್ವದೇಶಕ್ಕೆ ಮರಳಿದ ಪಾದ್ರಿ ಅಬ್ಬೆ ದ್ಯುಬ್ವಾ ಹಿಂದೂಗಳ ಆಚಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಬ್ರಾಹ್ಮಣರ ಪತ್ರಶೈಲಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಆದರೆ ಅದು ವಿದ್ಯಾವಂತರ ಒಕ್ಕಣೆಯ ವಿಚಾರ. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಬರೆಯಿಸಿದ ಕಾಗದದ ಮಾತು ಬೇರೆ.

ಇನ್ನು ಮುಕ್ತಾಯ. ಫ್ರೆಂಚ್ ಬಂಧುಗಳು ಪತ್ರವನ್ನು "ಜ ತಾಂಬ್ರಾಸ್" ಎಂದು ಮುಗಿಸುತ್ತಾರೆ. ತೋಳೆಂಬ ಶಬ್ದದಿಂದ ಹುಟ್ಟಿ ಅಪ್ಪುಗೆಯನ್ನು ಸೂಚಿಸುತ್ತಿದ್ದ ಆ ಕ್ರಿಯಾಪದಕ್ಕೆ ಈಗ ಮುತ್ತಿಡುವುದೆಂಬ ಅರ್ಥವೂ ರೂಢವಾಗಿದೆ. ಅಜ್ಜಿಯ "ಆಶೀರ್ವಾದಗಳು" ಎಂಬುದಕ್ಕೆ ಅದು ಸಾಟಿಯಲ್ಲ. ಮುತ್ತನ್ನು ಸಮವಯಸ್ಕರೂ ಕೊಡಬಲ್ಲರು, ಆಶೀರ್ವಾದ ಹಿರಿಯರಿಂದಲೇ ಬರಬೇಕು. "ನಾನು ನಿನ್ನನ್ನು ಆಶೀರ್ವದಿಸುತ್ತೇನೆ" ಎಂಬ ನೇರ ವಾಕ್ಯಕ್ಕೆ ಇಗರ್ಜಿಯ ವಾಸನೆಯಿದೆ. "ನಿನ್ನನ್ನು ಪ್ರೀತಿಸುವ ನಿನ್ನ ತಾಯಿ" ಎಂದು ರುಜು ಹಾಕುವ ಪದ್ಧತಿ ಅಲ್ಲಿ ಮೊದಲೇ ಇರುವುದರಿಂದ, ಅದೇ ಅಚ್ಚಿನಲ್ಲಿ "ನಿನ್ನನ್ನು ಹರಸುವ ನಿನ್ನ ಅಜ್ಜಿ" ಎಂದು ಬರೆದು, ಅದರ ಕೆಳಗೆ ಅವಳ ಕನ್ನಡ ರುಜುವನ್ನು ಇದ್ದಂತೆಯೇ ಬಿಡುವುದು ಯುಕ್ತ.