ಗ್ರೂಪಿನ ಮೆಸೇಜು, ಶಿಫ್ಟಿನ ಮಾತು

ಶಿಫ್ಟ್ ಬದಲಾಗುವ ಹೊತ್ತಿಗೆ ಸೂಪರ್‌ವೈಸರ್ ಕೆಲಸಗಾರರನ್ನು ಸುತ್ತ ನಿಲ್ಲಿಸಿಕೊಂಡು ಒಂದೆರಡು ನಿಮಿಷ ಮಾತಾಡುವುದು ಕಾರ್ಖಾನೆಗಳಲ್ಲಿ ಹಳೆಯ ರೂಢಿ. ಈಗ ಆ ಮಾತಿಗೆ ಬೇಕಾದ ವಿಷಯವೆಲ್ಲ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಇರುತ್ತದೆ. ಹಾಗಾಗಿ ಮೊಬೈಲ್ ಹಿಡಿದು ಮೆಸೇಜುಗಳನ್ನು ಒಂದರ ಹಿಂದೊಂದು ಓದಿಬಿಡುವ ಅಭ್ಯಾಸವೂ ಬೆಳೆದಿದೆ. ಈ ಓದು ಎಲ್ಲಿ ಸೋಲುತ್ತದೆ ಎಂಬುದನ್ನು ನೋಡಲು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಮಸಾಲೆ ಪುಡಿ ಪ್ಯಾಕಿಂಗ್ ಘಟಕವನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ 6ರ ಪಾಳಿಗೆ ಮೊದಲು ಗ್ರೂಪಿನಲ್ಲಿರುವುದು ಇಷ್ಟು:

ರಾತ್ರಿ 9.40: 3ನೇ ಲೈನ್ ಸೀಲಿಂಗ್ ಮೆಷಿನ್ ನಿಂತಿದೆ, ಹೀಟರ್ ಹೋಗಿದೆ.
10.15: ಸ್ಪೇರ್ ಇಲ್ಲ. ನಾಳೆ ಮಧ್ಯಾಹ್ನ ಸಿಗುತ್ತೆ.
11.05: ಹುಬ್ಬಳ್ಳಿ ಆರ್ಡರ್ 240 ಬಾಕ್ಸ್ 2ನೇ ಲೈನಿಗೆ ಹಾಕಿದ್ದೀವಿ.
2.30: 120 ಆಯ್ತು.
4.50: ಸ್ಪೇರ್ 8 ಗಂಟೆಗೇ ಬರುತ್ತಂತೆ.
5.10: ಲೇಬಲ್ ರೋಲ್ ಒಂದರಲ್ಲಿ ಹಳೇ ಎಂಆರ್‌ಪಿ ಇದೆ. ಬಳಸಬೇಡಿ, ಪಕ್ಕಕ್ಕಿಟ್ಟಿದೀನಿ.
5.40: 200 ಆಯ್ತು. ಲಾರಿ 10ಕ್ಕೆ.

ಇದನ್ನು ಇದ್ದ ಹಾಗೇ ಓದಿದರೆ ಕೇಳುವವರಿಗೆ ಮೊದಲು ಸಿಗುವುದು ಕೆಟ್ಟುನಿಂತ ಮೆಷಿನ್ನಿನ ಕತೆ. ಆಮೇಲೆ ಸ್ಪೇರ್ ಮಧ್ಯಾಹ್ನ ಬರುತ್ತದೆ ಎಂಬ ಮಾತು, ಸ್ವಲ್ಪ ಹೊತ್ತಿಗೆ ಅದೇ ಸ್ಪೇರ್ 8ಕ್ಕೆ ಎಂಬ ಮಾತು. ತೆರೆಯ ಮೇಲೆ ಓದುವವರಿಗೆ ಸಮಯ ಪಕ್ಕದಲ್ಲೇ ಕಾಣುವುದರಿಂದ ಹಳೆಯ ಸುದ್ದಿ ಯಾವುದು, ಹೊಸದು ಯಾವುದು ಎಂದು ತಿಳಿಯುತ್ತದೆ. ಮೆಷಿನ್ನುಗಳ ಸದ್ದಿನ ನಡುವೆ ನಿಂತು ಕೇಳುವವರಿಗೆ ಎರಡೂ ಬೆರೆತುಹೋಗುತ್ತವೆ. 240, 120, 200 ಎಂಬ ಮೂರು ಅಂಕಿಗಳಿಗೂ ಇದೇ ಗತಿ. ಅವರಿಗೆ ಬೇಕಾದ ಅಂಕಿ ಇನ್ನುಳಿದ 40; ಅದು ಯಾವ ಮೆಸೇಜಿನಲ್ಲೂ ಇಲ್ಲ, ಲೆಕ್ಕಹಾಕಿ ಹೇಳಬೇಕು.

ಮೆಸೇಜು ಬಂದ ಕ್ರಮಕ್ಕೂ ಕೆಲಸದ ಕ್ರಮಕ್ಕೂ ಸಂಬಂಧವಿಲ್ಲ. ಲೇಬಲ್ಲಿನ ಸುದ್ದಿ ಬಂದದ್ದು ಬೆಳಗಿನ ಜಾವ, ಆದರೆ ಹೇಳುವಾಗ ಅದೇ ಮೊದಲು ಬರಬೇಕು. ತಪ್ಪು ರೋಲ್ ಕೈಗೆ ಬಂದರೆ ಪಾಳಿ ಶುರುವಾದ ಗಳಿಗೆಯಿಂದಲೇ ಹಳೆಯ ಬೆಲೆಯ ಪ್ಯಾಕೆಟ್ಟುಗಳು ಬಾಕ್ಸ್ ಸೇರುತ್ತವೆ, ಆಮೇಲೆ ಒಂದೊಂದು ಬಾಕ್ಸನ್ನೂ ಬಿಚ್ಚಿ ನೋಡಬೇಕಾಗುತ್ತದೆ. ಮೆಷಿನ್ ನಿಂತು ಎಂಟು ಗಂಟೆಯೇ ಕಳೆದಿದೆ. ಆ ವಿಷಯ ಕೊನೆಗೆ ಬಂದರೂ ನಷ್ಟವಿಲ್ಲ.

ಮೆಸೇಜುಗಳನ್ನು ಹೀಗೆ ಹೇಳುವ ಸ್ಕ್ರಿಪ್ಟಾಗಿ ತಿದ್ದಿ ಬರೆಯುವ ಕೆಲಸದಲ್ಲಿ ನುರಿತವರೂ ಎಡವುವ ಜಾಗ ಇನ್ನೊಂದಿದೆ. ವಾಕ್ಯವನ್ನು ಚಿಕ್ಕದಾಗಿ, ಗಟ್ಟಿಯಾಗಿ ಮಾಡುವ ಹುರುಪಿನಲ್ಲಿ ‘ಸ್ಪೇರ್ 8ಕ್ಕೆ ಬರುತ್ತದೆ’ ಎಂದು ಬರೆದುಬಿಡುತ್ತಾರೆ. ಮೆಸೇಜು ಹಾಕಿದವರು ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದರು. ಆ ಅನುಮಾನ ಪ್ರಕಟಣೆಯಲ್ಲಿ ಮಾಯವಾಗುತ್ತದೆ. 8 ದಾಟಿದರೂ ಸ್ಪೇರ್ ಬಾರದಿದ್ದರೆ ಮಾತು ತಪ್ಪಿದವರೆಂಬ ಹೆಸರು ಸೂಪರ್‌ವೈಸರಿಗೆ ಬರುತ್ತದೆ. ಮೊಟಕು ಮಾಡುವಾಗ ಹೋಗಬೇಕಾದದ್ದು ಹಳೆಯ ಸುದ್ದಿ, ಅನುಮಾನವಲ್ಲ.

ಇನ್ನು ‘ಪಕ್ಕಕ್ಕಿಟ್ಟಿದೀನಿ’ ಎಂಬುದು. ಯಾವುದರ ಪಕ್ಕ? ಬರೆದವರಿಗೆ ಗೊತ್ತು, ಹೊಸ ಪಾಳಿಯವರಿಗೆ ಗೊತ್ತಿಲ್ಲ. 3ನೇ ಲೈನಿನವರು 8ರವರೆಗೆ ಏನು ಮಾಡಬೇಕು ಎಂಬುದಂತೂ ಗ್ರೂಪಿನಲ್ಲಿ ಇಲ್ಲವೇ ಇಲ್ಲ. ಒಳ್ಳೆಯ ಸ್ಕ್ರಿಪ್ಟ್ ಬರೆಯುವವರು ಈ ಎರಡಕ್ಕಾಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಹಾಗೆ ವಿಚಾರಿಸಿ ಬರೆದದ್ದು ಹೀಗಿರಬಹುದು:

“ಎಲ್ಲರಿಗೂ ನಮಸ್ಕಾರ. ಇವತ್ತು ಮೂರು ವಿಷಯ. ಮೊದಲನೇದು ಲೇಬಲ್. ಒಂದು ರೋಲಿನಲ್ಲಿ ಹಳೇ ಎಂಆರ್‌ಪಿ ಇದೆ. ಅದಕ್ಕೆ ಕೆಂಪು ಟೇಪ್ ಸುತ್ತಿ ಸ್ಟೋರ್ ಬಾಗಿಲ ಹತ್ತಿರ ಇಟ್ಟಿದ್ದೀವಿ. ಯಾರೂ ಬಳಸಬೇಡಿ. ಎರಡನೇದು ಹುಬ್ಬಳ್ಳಿ ಆರ್ಡರ್. ಇನ್ನು 40 ಬಾಕ್ಸ್ ಬಾಕಿ ಇದೆ. ಲಾರಿ 10 ಗಂಟೆಗೆ ಹೊರಡುತ್ತೆ. 2ನೇ ಲೈನಿನವರು ಮೊದಲು ಅದನ್ನೇ ಮುಗಿಸಿ. ಮೂರನೇದು, 3ನೇ ಲೈನ್ ನಿಂತಿದೆ. ಸ್ಪೇರ್ 8ಕ್ಕೆ ಬರಬಹುದು, ಖಾತ್ರಿ ಇಲ್ಲ. ಅಲ್ಲಿವರೆಗೆ 3ನೇ ಲೈನಿನವರು 2ನೇ ಲೈನಿನ ಜೊತೆ ಕೈ ಜೋಡಿಸಿ. ಇನ್ನೊಂದು ಸಲ ಹೇಳ್ತೀನಿ: ಕೆಂಪು ಟೇಪ್ ಇರೋ ರೋಲ್ ಬಳಸಬೇಡಿ.”

ನಿಧಾನವಾಗಿ ಓದಿದರೂ ಇದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಮುಖ್ಯವಾದದ್ದನ್ನು ಕೊನೆಯಲ್ಲಿ ಮತ್ತೆ ಹೇಳಿರುವುದು ಆಕಾಶವಾಣಿ ವಾರ್ತೆಯ ಕೊನೆಗೆ ಮುಖ್ಯಾಂಶಗಳು ಮರಳಿ ಬರುವ ಕ್ರಮವೇ. ಕಿವಿಗೆ ಹಿಂದಿನ ಸಾಲಿಗೆ ಹೋಗಿ ನೋಡುವ ಅನುಕೂಲವಿಲ್ಲವಾದ್ದರಿಂದ ಇಲ್ಲಿ ಪುನರಾವರ್ತನೆ ದೋಷವಲ್ಲ.

ಈ ಸ್ಕ್ರಿಪ್ಟಿಗೂ ಕೊರತೆಗಳಿವೆ. ಹೀಟರ್ ಹೋದ ವಿವರ ಬಿಟ್ಟುಹೋಗಿದೆ, ರಿಪೇರಿಗೆ ಬರುವವರಿಗೆ ಅದು ಬೇಕು. ಉಳಿದ 40 ಕೇಳಿಸುತ್ತದೆ, ರಾತ್ರಿ ಪಾಳಿಯವರು ಮುಗಿಸಿದ 200 ಕೇಳಿಸುವುದಿಲ್ಲ. ಅವರ ಶ್ರಮಕ್ಕೆ ಒಂದು ವಾಕ್ಯ ಸೇರಿಸಿದ್ದರೆ ಪ್ರಕಟಣೆ ಉದ್ದವಾಗುತ್ತಿರಲಿಲ್ಲ. ಗ್ರೂಪಿನ ಮೆಸೇಜುಗಳು ದಾಖಲೆಯಾಗಿ ಉಳಿಯಲೇಬೇಕು, ಈ ಸ್ಕ್ರಿಪ್ಟ್ ಅದರ ಜಾಗ ತುಂಬಲಾರದು.

ಪಾಳಿಯ ಮುಂದೆ ನಿಂತು ಮಾತಾಡುವವರಲ್ಲಿ ಒಂದು ವಿನಂತಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಎನ್ನುತ್ತಾರೆ. 2ನೇ ಲೈನಿನ ಒಬ್ಬರನ್ನು ‘ನೀವು ಈಗ ಮೊದಲು ಏನು ಮಾಡ್ತೀರಿ?’ ಎಂದು ಕೇಳಿ. ಹುಬ್ಬಳ್ಳಿ, 40, 10 ಗಂಟೆ ಈ ಮೂರೂ ಅವರ ಉತ್ತರದಲ್ಲಿ ಬಾರದಿದ್ದರೆ ನಾಳೆಯ ಸ್ಕ್ರಿಪ್ಟನ್ನು ಇನ್ನಷ್ಟು ತಿದ್ದಿ.