ಬೀದಿನಾಟಕದ ತಂಡಕ್ಕೆ ಹೆಸರು: ‘ಸಮುದಾಯ’ ಪದದ ವಿಚಾರ

ನಾಟಕ ಮಂಡಳಿಯ ಹೆಸರು ಆ ನಾಟಕ ಯಾರದೆಂಬುದನ್ನು ಹೇಳುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪನಿ ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’ವೆನಿಸಿಕೊಂಡಿತು. ಊರು, ದೇವರು, ಕಸುಬು ಮೂರೂ ಅದರೊಡನೆ ಕೂಡಿಬಂದುವು. ಟಿಕೆಟ್ಟು ಕೊಂಡು ಡೇರೆಯೊಳಗೆ ಬರುವ ಪ್ರೇಕ್ಷಕನಿಗೆ ಅಷ್ಟು ಪರಿಚಯ ಸಾಕಾಗಿತ್ತು. ಬೀದಿನಾಟಕಕ್ಕಾದರೋ ಡೇರೆಯೂ ಇಲ್ಲ, ಭಿತ್ತಿಪತ್ರವೂ ಇಲ್ಲ. ಸಂತೆಯ ಮೂಲೆಯಲ್ಲಿ ತಮಟೆ ಬಡಿದು ಜನರನ್ನು ಸುತ್ತ ನಿಲ್ಲಿಸಿದಾಗ ಹೆಸರು ಒಮ್ಮೆ ಮಾತ್ರ ಕಿವಿಗೆ ಬೀಳುತ್ತದೆ. ಕೇಳಿದೊಡನೆ ಅದು ಅರ್ಥವಾಗಬೇಕು.

ತೆಲುಗುನಾಡಿನಲ್ಲಿ 1943ರಿಂದ ನಡೆದುಬಂದ ‘ಪ್ರಜಾ ನಾಟ್ಯ ಮಂಡಲಿ’ಯ ಹೆಸರನ್ನು ಕನ್ನಡಕ್ಕೆ ಹಾಗೆಯೇ ತರಬಹುದಿತ್ತೇ? ನಾರಾಯಣಗೂಡದಲ್ಲಿ ಎರಡೂ ನುಡಿಗಳ ನಡುವೆ ಬಾಳುವ ಕನ್ನಡಿಗನಿಗೆ ಇದರ ತೊಡಕು ಬೇಗನೆ ತಿಳಿಯುತ್ತದೆ. ತೆಲುಗಿನ ‘ಪ್ರಜಲು’ ಎಂದರೆ ಜನರು. ಕನ್ನಡದ ‘ಪ್ರಜೆ’ಯ ಬೆನ್ನಿಗೆ ರಾಜನ ನೆರಳು ಇನ್ನೂ ಅಂಟಿಕೊಂಡಿದೆ. ‘ನಾಟ್ಯ’ವೆಂದರೆ ಕನ್ನಡದ ಕಿವಿಗೆ ಮೊದಲು ಕೇಳುವುದು ಗೆಜ್ಜೆಯ ಸದ್ದು. ಅಕ್ಷರ ಒಂದೇ ಆದರೂ ಅರ್ಥ ಗಡಿ ದಾಟುವಾಗ ಬದಲಾಗುತ್ತದೆ.

1975ರಲ್ಲಿ ಬೆಂಗಳೂರಿನಲ್ಲಿ ಪ್ರಸನ್ನ ಮತ್ತು ಅವರ ಸಂಗಡಿಗರು ಕಟ್ಟಿದ ತಂಡ ‘ಸಮುದಾಯ’ವೆಂಬ ಒಂದೇ ಪದವನ್ನು ಆರಿಸಿಕೊಂಡಿತು. ಅದರಲ್ಲಿ ಊರಿಲ್ಲ, ದೇವರಿಲ್ಲ, ಒಡೆಯನಿಲ್ಲ. ‘ನಾಟಕ’ವೆಂಬ ಪದವೂ ಇಲ್ಲ. ಆಡುವವರು ಮತ್ತು ಸುತ್ತ ನಿಂತು ನೋಡುವವರು ಇಬ್ಬರನ್ನೂ ಅದು ಒಳಗೊಳ್ಳುತ್ತದೆ. ಧಾರವಾಡ, ರಾಯಚೂರು, ಕುಂದಾಪುರಗಳಲ್ಲಿ ಘಟಕಗಳು ಹುಟ್ಟಿದಾಗ ಊರಿನ ಹೆಸರು ಪಕ್ಕದಲ್ಲಿ ಬಂದು ಸೇರಿತೇ ಹೊರತು ಮೂಲಪದ ಬದಲಾಗಬೇಕಾಗಲಿಲ್ಲ. ಹಲವು ಊರುಗಳಿಗೆ ಹಬ್ಬುವ ತಂಡಕ್ಕೆ ಇದು ಸಣ್ಣ ಅನುಕೂಲವಲ್ಲ.

ಆದರೆ ಪದಗಳು ಇಟ್ಟವರ ಮಾತಿನಂತೆ ನಡೆಯುವುದಿಲ್ಲ. ಈಚೆಗೆ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ‘ಸಮುದಾಯ’ವು ಜಾತಿಗೆ ಮರ್ಯಾದೆಯ ಮಾತಾಗಿ ಸಲ್ಲುತ್ತಿದೆ. ಜಾತಿಯ ಸಂಘ ಕಟ್ಟಿಸಿದ ‘ಸಮುದಾಯ ಭವನ’ದ ಎದುರಿನಲ್ಲಿಯೇ ತಂಡ ತಮಟೆ ಬಡಿದರೆ, ‘ಯಾವ ಸಮುದಾಯದವರು?’ ಎಂಬ ಪ್ರಶ್ನೆ ಬಾರದಿರದು. 1977ರಲ್ಲಿ ಬಿಹಾರದಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತು ‘ಬೆಲ್ಚಿ’ಯನ್ನು ಆಡಿದ ತಂಡಕ್ಕೆ ಈ ಪ್ರಶ್ನೆ ವಿಪರ್ಯಾಸವಷ್ಟೇ ಅಲ್ಲ, ನಿಜವಾದ ತೊಂದರೆ. ಆಟ ಆರಂಭವಾಗುವ ಮುನ್ನವೇ ನೋಡುವವರು ಜಾತಿವಾರು ನಿಲ್ಲುವ ಅಪಾಯ ಅದರಲ್ಲಿದೆ.

ಇದರಿಂದ ಹೆಸರು ಸೋತಿತೆನ್ನಲಾಗದು. ದಶಕಗಳ ಪ್ರಯೋಗಗಳು ಅದಕ್ಕೆ ತಂದ ಅರ್ಥ ರಂಗಾಸಕ್ತರಲ್ಲಿ ಗಟ್ಟಿಯಾಗಿದೆ. ಆದರೆ ಹೊಸ ತಂಡ ಕಟ್ಟುವವರು ಕಲಿಯಬೇಕಾದ ಪಾಠವೊಂದಿದೆ. ಹೆಸರನ್ನು ಕಾಗದದ ಮೇಲೆ ಬರೆದು ಮೆಚ್ಚಿದರೆ ಸಾಲದು. ಅದನ್ನು ಅರಿಯದ ಊರಿನ ಕಟ್ಟೆಯ ಬಳಿ ಗಟ್ಟಿಯಾಗಿ ಕೂಗಿ, ಕೇಳಿದವರು ಏನೆಂದು ತಿಳಿದರೆಂಬುದನ್ನು ವಿಚಾರಿಸಬೇಕು. ಅವರು ಕೊಡುವ ಅರ್ಥವೇ ಆ ಹೆಸರಿನ ಅರ್ಥ.